65 ಕೆಜಿ ಯಾರು ತಿಂದ್ರು? ಸಂದರ್ಶನದ ಮರುದಿನ ಹೋದ ಒಂದು ಇಮೇಲ್‌ನ ಕಥೆ

ಶುಕ್ರವಾರ ಸಂಜೆ ಆರೂವರೆ ಹೊತ್ತಿಗೆ ಆ ಹುಡುಗಿ ನಮ್ಮ ಮನೆಗೆ ಬಂದಳು. "ಅಕ್ಕಾ, ಇವತ್ತು ಇಂಟರ್‌ವ್ಯೂ ಆಯ್ತು. ಆಮೇಲೆ ಥ್ಯಾಂಕ್ಸ್ ಅಂತ ಒಂದು ಮೇಲ್ ಕಳಿಸ್ಬೇಕಂತೆ. ಬರ್ಕೊಂಡು ಬಂದೀನಿ. ಒಂದ್ಸಲ ನೋಡ್ರಿ, ಕಳಿಸಿಬಿಡ್ತೀನಿ" ಅಂದಳು.

ಅವಳ ಊರು ಜಗಳೂರು ಕಡೆ. ಅಪ್ಪನಿಗೆ ಮೂರು ಎಕರೆ ಮೆಕ್ಕೆಜೋಳ. ದಾವಣಗೆರೆಯಲ್ಲಿ ಬಿ.ಕಾಂ. ಮುಗಿಸಿ, ವಿನೋಬನಗರದಲ್ಲಿ ಸೋದರತ್ತೆ ಮನೆಯಲ್ಲಿದ್ದುಕೊಂಡು ಕೆಲಸ ಹುಡುಕುತ್ತಿದ್ದಳು. ನಾನು ಹನ್ನೆರಡು ವರ್ಷ ಒಂದು ಕಂಪನಿಯಲ್ಲಿ ಕೆಲಸಕ್ಕೆ ಜನರನ್ನು ತೆಗೆದುಕೊಳ್ಳುವ ವಿಭಾಗದಲ್ಲಿದ್ದೆ. ಅದು ಬೀದಿಯವರಿಗೆಲ್ಲ ಗೊತ್ತಿರುವುದರಿಂದ ಇಂಥ ಮಕ್ಕಳು ಬರುತ್ತಿರುತ್ತಾರೆ.

ಅವಳು ಹೋಗಿದ್ದ ಕೆಲಸ ಸ್ಟಾಕ್ ಅಸಿಸ್ಟೆಂಟ್‌ದು. ರೈತರಿಂದ ಮೆಕ್ಕೆಜೋಳ ಕೊಂಡು, ಒಣಗಿಸಿ, ಕೋಳಿ ಆಹಾರ ತಯಾರಿಸುವವರಿಗೆ ಕಳಿಸುವ ಒಂದು ವ್ಯಾಪಾರಿ ಸಂಸ್ಥೆ. ಸಂದರ್ಶನಕ್ಕೆ ಕೂತವರು ಇಬ್ಬರು, ಗೋದಾಮಿನ ಮ್ಯಾನೇಜರ್ ಮತ್ತು ಲೆಕ್ಕಪತ್ರ ನೋಡುವ ಮೇಡಂ. ಮಂಗಳವಾರ ತಿಳಿಸುತ್ತೇವೆ ಎಂದು ಹೇಳಿ ಕಳಿಸಿದ್ದರು.

ಫೋನಿನಲ್ಲಿ ಇದ್ದ ಮೇಲ್ ಇದು:

"ಗೌರವಾನ್ವಿತ ನೇಮಕಾತಿ ವ್ಯವಸ್ಥಾಪಕರೇ, ತಮ್ಮ ಅಮೂಲ್ಯವಾದ ಸಮಯವನ್ನು ನನಗಾಗಿ ಮೀಸಲಿಟ್ಟಿದ್ದಕ್ಕಾಗಿ ಹೃತ್ಪೂರ್ವಕ ಧನ್ಯವಾದಗಳು. ತಮ್ಮ ಪ್ರತಿಷ್ಠಿತ ಸಂಸ್ಥೆಯ ಬಗ್ಗೆ ತಿಳಿದುಕೊಳ್ಳಲು ಇದೊಂದು ಅದ್ಭುತ ಅವಕಾಶವಾಗಿತ್ತು. ನನ್ನ ಕೌಶಲ್ಯಗಳು ಹಾಗೂ ಅನುಭವವು ಈ ಹುದ್ದೆಗೆ ಸಂಪೂರ್ಣವಾಗಿ ಹೊಂದಿಕೆಯಾಗುತ್ತವೆ ಎಂದು ನಂಬಿದ್ದೇನೆ. ತಮ್ಮ ತಂಡದ ಭಾಗವಾಗಲು ಉತ್ಸುಕಳಾಗಿದ್ದೇನೆ. ತಮ್ಮ ಸಕಾರಾತ್ಮಕ ಪ್ರತಿಕ್ರಿಯೆಯನ್ನು ಎದುರು ನೋಡುತ್ತಿದ್ದೇನೆ."

ಇಂಟರ್‌ನೆಟ್‌ನಲ್ಲಿ ಸಿಕ್ಕ ಇಂಗ್ಲಿಷ್ ನಮೂನೆಯನ್ನು ಕನ್ನಡಕ್ಕೆ ತಂದದ್ದು ಎಂದು ಒಂದೇ ನೋಟಕ್ಕೆ ಗೊತ್ತಾಗುತ್ತಿತ್ತು. ಕನ್ನಡದಲ್ಲಿ ಬರೆಯಲು ಒಂದು ಕಾರಣವೂ ಇತ್ತು. ರೈತರಿಗೆ ಕೊಡುವ ಪತ್ರಗಳೆಲ್ಲ ಕನ್ನಡದಲ್ಲೇ ಇರಬೇಕು, ನಿಮಗೆ ಟೈಪಿಂಗ್ ಬರುತ್ತಾ ಎಂದು ಮೇಡಂ ಕೇಳಿದ್ದರಂತೆ. ಬರುತ್ತೆ ಎಂದಿದ್ದಳು. ಹಾಗಾಗಿ ಮೇಲ್ ಕನ್ನಡದಲ್ಲಿ ಹೋಗುವುದು ಒಳ್ಳೆಯ ಯೋಚನೆಯೇ. ಆದರೆ ಈ ಕನ್ನಡವಲ್ಲ.

ನಾನು ಅವಳಿಗೆ ಎರಡು ಪ್ರಶ್ನೆ ಕೇಳಿದೆ. "ಇದೇ ಮೇಲನ್ನ ಒಂದು ಬ್ಯಾಂಕಿಗೆ ಕಳಿಸಿದ್ರೆ ನಡೆಯುತ್ತಾ?" ನಡೆಯುತ್ತೆ ಅಂದಳು. "ಸೀರೆ ಅಂಗಡಿಗೆ?" ಅದಕ್ಕೂ ನಡೆಯುತ್ತೆ ಅಂದು ಸುಮ್ಮನಾದಳು. ಎಲ್ಲಿಗೆ ಬೇಕಾದರೂ ಹೋಗಬಹುದಾದ ಪತ್ರವನ್ನು ಓದುವವರು ಓದುವುದೇ ಇಲ್ಲ. ನಾನೇ ಓದುತ್ತಿರಲಿಲ್ಲ. "ಅಮೂಲ್ಯವಾದ ಸಮಯ" ಕಂಡ ಕೂಡಲೇ ಕಣ್ಣು ಕೆಳಗಿನ ಹೆಸರಿಗೆ ಹೋಗಿಬಿಡುತ್ತಿತ್ತು. ಆ ಹೆಸರಿನ ಮುಖ ನೆನಪಿಗೆ ಬರದಿದ್ದರೆ ಮುಂದಿನ ಮೇಲ್ ತೆರೆಯುತ್ತಿದ್ದೆ.

ಅದಕ್ಕಿಂತ ನನಗೆ ಜಾಸ್ತಿ ಬೇಸರವಾಗಿದ್ದು "ಅನುಭವ" ಎನ್ನುವ ಮಾತಿಗೆ. ಅವಳಿಗೆ ಕೆಲಸದ ಅನುಭವವೇ ಇಲ್ಲ. ಟ್ಯಾಲಿ ಮೂರು ತಿಂಗಳು ಕ್ಲಾಸಿನಲ್ಲಿ ಕಲಿತಿದ್ದಾಳೆ, ಜಿಎಸ್‌ಟಿ ಎಂಟ್ರಿ ಕೈಯಿಂದ ಮಾಡಿಲ್ಲ ಎಂದು ಆ ದಿನವೇ ಅವರ ಮುಂದೆ ಪ್ರಾಮಾಣಿಕವಾಗಿ ಹೇಳಿ ಬಂದಿದ್ದಳು. ಬಾಯಲ್ಲಿ ನಿಜ ಹೇಳಿ ಬಂದವಳ ಹೆಸರಲ್ಲಿ ನಮೂನೆ ಸುಳ್ಳು ಹೇಳುತ್ತಿತ್ತು.

ಫೋನ್ ಪಕ್ಕಕ್ಕಿಡು ಅಂದೆ. "ಬಾಗಿಲು ತಳ್ಳಿ ಒಳಗೆ ಹೋದಾಗಿನಿಂದ ಹೊರಗೆ ಬರೋವರೆಗೂ ಏನೇನಾಯ್ತು, ನನಗೆ ಹೇಳು. ಚೆನ್ನಾಗಿ ಆಯ್ತು ಅಂತ ಹೇಳ್ಬೇಡ. ಯಾರು ಏನಂದ್ರು ಅದನ್ನ ಹೇಳು."

ಮೊದಲು ಎಲ್ಲರೂ ಹೇಳುವುದನ್ನೇ ಹೇಳಿದಳು. ನಿಮ್ಮ ಬಗ್ಗೆ ಹೇಳಿ ಅಂದ್ರು, ಸಂಬಳ ಎಷ್ಟು ಬೇಕು ಅಂದ್ರು, ಸೀಸನ್‌ನಲ್ಲಿ ರಾತ್ರಿ ಎಂಟಾದ್ರೂ ಇರ್ತೀಯಾ ಅಂದ್ರು. ಆಮೇಲೆ ಒಂದು ಕಡೆ ದನಿ ತಗ್ಗಿತು. "ಅಲ್ಲೊಂದು ಲೆಕ್ಕ ತಪ್ಪಿದೆ ಅಕ್ಕಾ. ಅದು ಬಿಡ್ರಿ" ಅಂದಳು. ಬಿಡ್ರಿ ಅಂದ ಜಾಗದಲ್ಲೇ ನಾನು ಹಿಡಿದೆ.

ಮೇಜಿನ ಮೇಲೆ ತೇವಾಂಶ ನೋಡುವ ಮೀಟರ್ ಇತ್ತಂತೆ. ಅದರ ಬಟ್ಟಲಲ್ಲಿ ಒಂದು ಹಿಡಿ ಕಾಳು ಹಾಗೇ ಉಳಿದಿತ್ತು. ಮ್ಯಾನೇಜರ್ ಅದನ್ನು ಅವಳ ಕಡೆ ತಿರುಗಿಸಿ ಕೇಳಿದರು: "ಶೇಕಡಾ 18 ತೇವಾಂಶದ ಮಾಲು 100 ಕ್ವಿಂಟಲ್ ಬಂತು ಅನ್ಕೋ. ಒಣಗಿಸಿ 14ಕ್ಕೆ ತಂದ್ವಿ. ಪುಸ್ತಕದಲ್ಲಿ ಎಷ್ಟು ಇರ್ಬೇಕು?" ಸರ್ಕಾರದ ಬೆಂಬಲ ಬೆಲೆ ಖರೀದಿಯಲ್ಲೂ ಮೆಕ್ಕೆಜೋಳಕ್ಕೆ ಶೇ 14 ತೇವಾಂಶವೇ ಮಿತಿ, ಹಾಗಾಗಿ ಆ ಸಂಖ್ಯೆ ಅವಳಿಗೆ ಮನೆಯಿಂದಲೇ ಗೊತ್ತು. 18ರಲ್ಲಿ 14 ಕಳೆದರೆ 4. ನೂರರಲ್ಲಿ 4 ಹೋದರೆ 96. "96 ಕ್ವಿಂಟಲ್ ಸರ್" ಅಂದಳು.

ಅವರು ತಪ್ಪು ಅನ್ನಲಿಲ್ಲ. ಕ್ಯಾಲ್ಕುಲೇಟರ್ ಒತ್ತಿ, ಅವಳ ಮುಖ ನೋಡಿ, "ಹಾಗಾದ್ರೆ ಉಳಿದ 65 ಕೆಜಿ ಯಾರು ತಿಂದ್ರಮ್ಮಾ?" ಅಂದರು.

ಇವಳು ಒಂದು ಕ್ಷಣ ತಡೆದು, "ಸರ್, ಕಡಿಮೆ ಬಂದ್ರೆ ಹಮಾಲರನ್ನ ಕೇಳ್ತೀರಾ?" ಎಂದು ಕೇಳಿಬಿಟ್ಟಳಂತೆ. ಮ್ಯಾನೇಜರ್ ಪೆನ್ನು ಕೆಳಗಿಟ್ಟರು. "ಹೋದ ವರ್ಷ ಹಾಗೇ ಆಯ್ತು" ಅಂದರು. ಆಮೇಲೆ ಮೇಡಂ ಟ್ಯಾಲಿ ಬಗ್ಗೆ ಕೇಳಿದರು, ಮಾತು ಬೇರೆ ಕಡೆ ಹೋಯಿತು.

ಇಡೀ ಅರ್ಧ ಗಂಟೆಯಲ್ಲಿ ಅವರಿಬ್ಬರ ನಡುವೆ ನಿಜವಾಗಿ ಏನಾದರೂ ನಡೆದಿದ್ದರೆ ಅದು ಇಲ್ಲೇ ನಡೆದದ್ದು. ಆ ದಿನ ಎಷ್ಟು ಜನ ಬಂದಿದ್ದರೋ, ಅವರಲ್ಲಿ ಹಲವರು 96 ಎಂದೇ ಹೇಳಿರಬಹುದು. ಆದರೆ ಪೆನ್ನು ಕೆಳಗಿಟ್ಟದ್ದನ್ನು ಆ ಮ್ಯಾನೇಜರ್ ಮರೆತಿರುವುದಿಲ್ಲ. ಇಂಥ ಮೇಲ್ ಮಾಡಬೇಕಾದ ಕೆಲಸ ಅಷ್ಟೇ, ಓದಿದ ಕೂಡಲೇ ಆ ಕುರ್ಚಿಯಲ್ಲಿ ಕೂತಿದ್ದ ಹುಡುಗಿ ಕಣ್ಣಿಗೆ ಬರಬೇಕು.

ಉತ್ತರ ಏನು ಎಂದು ಕೇಳಿದೆ. ಗೊತ್ತಿಲ್ಲ ಅಂದಳು. ಹಾಗಾದರೆ ಮೊದಲು ಲೆಕ್ಕ, ಆಮೇಲೆ ಪತ್ರ ಅಂದೆ. ಕ್ಯಾಲೆಂಡರ್ ಹಾಳೆಯ ಹಿಂದೆ ಬರೆಯತೊಡಗಿದಳು. ನೂರು ಕ್ವಿಂಟಲ್‌ನಲ್ಲಿ 18 ನೀರು, 82 ಒಣಕಾಳು. ಒಣಗಿಸುವಾಗ ನೀರು ಹೋಗುತ್ತದೆ, ಕಾಳು ಹೋಗುವುದಿಲ್ಲ. ಅಲ್ಲಿಗೆ ಬಂದು ಪೆನ್ನು ನಿಂತಿತು. ಸ್ವಲ್ಪ ಹೊತ್ತಾದ ಮೇಲೆ ಅವಳೇ ಹೇಳಿದಳು: "ಒಣಗಿದ ಮೇಲೆ ತೂಕನೇ ಕಡಿಮೆ ಆಗಿರುತ್ತಲ್ಲಾ. 14 ಅನ್ನೋದು ಆ ಕಡಿಮೆ ತೂಕದ 14. ಮೊದಲಿನ ನೂರರದ್ದಲ್ಲ." ಅಂದರೆ ಅದೇ 82 ಈಗ ಹೊಸ ತೂಕದ ಶೇ 86 ಆಗಬೇಕು. 82ನ್ನು 0.86ರಿಂದ ಭಾಗಿಸಿದರೆ 95.35 ಕ್ವಿಂಟಲ್. 96ಕ್ಕೂ ಇದಕ್ಕೂ ಇರುವ ಅಂತರ 65 ಕೆಜಿ. ಯಾರೂ ತಿಂದಿಲ್ಲ. ಅದೂ ನೀರೇ.

ಆ ಖುಷಿಯಲ್ಲಿ ಅವಳು ಎರಡನೇ ಮೇಲ್ ಬರೆದಳು. ಅದು ಎರಡು ಪುಟ ಆಯಿತು. ಮೊದಲಿನದು ಯಾರಿಗೂ ಸೇರದ ಪತ್ರ. ಇದು ಎಲ್ಲವನ್ನೂ ಸುರಿದ ಪತ್ರ. ನಮೂನೆ ಬಿಟ್ಟು ಹೊರಬಂದವರು ಸಾಮಾನ್ಯವಾಗಿ ಬೀಳುವ ಹಳ್ಳ ಇದೇ, ಅದಕ್ಕೇ ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ.

"ಗಾಬರಿಯಲ್ಲಿ ಲೆಕ್ಕ ತಪ್ಪಿತು, ಕ್ಷಮಿಸಿ" ಎಂದು ಶುರುವಾಗಿತ್ತು. ಗಾಬರಿಯಿಂದ ತಪ್ಪಿದ್ದಲ್ಲ, ಗೊತ್ತಿಲ್ಲದೆ ತಪ್ಪಿದ್ದು. ಅದನ್ನು ಹಾಗೇ ಹೇಳುವುದು ಮೇಲು. ಕ್ಷಮೆ ಕೇಳುವಂಥ ತಪ್ಪೂ ಅಲ್ಲ. ಆ ಸಾಲು ಹೋಯಿತು.

ಆಮೇಲೆ ಅಪ್ಪನ ಹೊಲ, ಮಳೆ ಕೈಕೊಟ್ಟದ್ದು, ಮನೆಗೆ ಈ ಕೆಲಸ ಎಷ್ಟು ಮುಖ್ಯ ಎನ್ನುವುದು ಬಂದಿತ್ತು. ಓದಿ ನನಗೂ ಹೊಟ್ಟೆ ಕಿವುಚಿತು. ಆದರೆ ಕೆಲಸ ಕೊಡುವವರ ಮೇಲೆ ಆ ಭಾರ ಹೊರಿಸಿದರೆ ಅವರು ಮುಜುಗರಪಡುತ್ತಾರೆ, ಮುಜುಗರಪಟ್ಟವರು ಉತ್ತರ ಬರೆಯುವುದನ್ನು ಮುಂದೂಡುತ್ತಾರೆ. ಆ ಭಾಗವನ್ನು ತೆಗೆಯುವಾಗ ಅವಳಿಗೆ ಬೇಸರವಾಯಿತು, ನಾನು ಒತ್ತಾಯ ಮಾಡಲಿಲ್ಲ. ಒಂದು ಸಲ ಮ್ಯಾನೇಜರ್ ಜಾಗದಲ್ಲಿ ಕೂತು ಜೋರಾಗಿ ಓದು ಅಂದೆ. ಓದಿ, ಅವಳೇ ಅಳಿಸಿದಳು.

ಮೂರನೆಯದು ಹಮಾಲರ ವಿಷಯ. "ಹೋದ ವರ್ಷ ಹಮಾಲರ ಮೇಲೆ ಅನುಮಾನಪಟ್ಟಿದ್ದು ತಪ್ಪು ಅಂತ ಈ ಲೆಕ್ಕದಿಂದ ಗೊತ್ತಾಗುತ್ತದೆ" ಎಂದು ಬರೆದಿದ್ದಳು. ಅವಳ ಮನಸ್ಸಿನಲ್ಲಿ ಇದೇ ಮುಖ್ಯವಾಗಿತ್ತು, ನನಗೂ ಅವಳ ಮೇಲೆ ಗೌರವ ಬಂದದ್ದು ಈ ಸಾಲಿಗೇ. ಆದರೂ ಇದು ಮೇಲ್‌ನಲ್ಲಿ ಇರಬಾರದು ಅಂದೆ. ಆ ಮಾತು ಮ್ಯಾನೇಜರ್ ಬಾಯಿಂದ ಜಾರಿ ಬಂದದ್ದು, ಒಳಗಿನ ಮಾತು. ಅದನ್ನು ಬರವಣಿಗೆಯಲ್ಲಿ ಹಾಕಿದರೆ ಆ ಮೇಲ್ ಮೇಡಂಗೆ ಹೋಗುತ್ತದೆ, ಅಲ್ಲಿಂದ ಮಾಲೀಕರಿಗೆ ಹೋಗಬಹುದು. ಹೊರಗಿನ ಹುಡುಗಿಯ ಮುಂದೆ ಇದನ್ನ ಯಾಕೆ ಹೇಳಿದ್ರಿ ಎಂದು ಅವರನ್ನು ಯಾರಾದರೂ ಕೇಳಬಹುದು. ಇನ್ನೊಂದು ವಿಷಯವೂ ಇದೆ. ಹೋದ ವರ್ಷ ಎಷ್ಟು ಮಾಲಿಗೆ ಎಷ್ಟು ಕಡಿಮೆ ಬಂದಿತ್ತು ಅವಳಿಗೆ ಗೊತ್ತಿಲ್ಲ. ಒಣಗುವುದರ ಜೊತೆ ದೂಳು, ನುಚ್ಚು, ಚೀಲದಿಂದ ಸೋರಿದ್ದು ಎಲ್ಲ ಸೇರಿ ತೂಕ ಇಳಿಯುತ್ತದೆ. ಒಂದು ಭಾಗಾಕಾರ ಇಟ್ಟುಕೊಂಡು ಆ ವರ್ಷದ ತೀರ್ಪು ಕೊಡುವ ಹಾಗಿಲ್ಲ.

ಹಾಗಾದರೆ ಆ ಮಾತು ಪೂರ್ತಿ ಹೋಗಬೇಕಾ? ಬೇಕಿಲ್ಲ. "65 ಕೆಜಿ ಯಾರು ತಿಂದ್ರು" ಎನ್ನುವ ಅವರದೇ ಪ್ರಶ್ನೆಯನ್ನು ಹಾಗೇ ಇಟ್ಟರೆ ಸಾಕು. ಅದರ ಹಿಂದೆ ಏನಿದೆ ಎಂದು ಅವರಿಗೆ ಗೊತ್ತು. ಬೇರೆಯವರು ಓದಿದರೆ ಅದು ಬರೀ ಒಂದು ಲೆಕ್ಕ.

ಅವಳ ಮನಸ್ಸಿನಲ್ಲಿ ಇನ್ನೊಂದು ಹೆದರಿಕೆ ಇತ್ತು. "ಅವರು ಮರೆತಿದ್ರೂ ತಪ್ಪನ್ನ ನಾನೇ ಎತ್ತಿ ತೋರಿಸಿದ ಹಾಗಾಗಲ್ವಾ?" ಅಂದಳು. ಪ್ರಶ್ನೆ ಸರಿಯಾದದ್ದೇ. ಎಲ್ಲ ತಪ್ಪನ್ನೂ ಹೀಗೆ ಎತ್ತಬಾರದು. ಅರ್ಜಿಯಲ್ಲಿ ಇಲ್ಲದ್ದನ್ನು ಇದೆ ಎಂದು ಬರೆದು ಸಿಕ್ಕಿಬಿದ್ದಿದ್ದರೆ, ಸಿಟ್ಟಿನಲ್ಲಿ ಮಾತು ಬಿಟ್ಟಿದ್ದರೆ, ಅದನ್ನು ನೆನಪಿಸುವ ಮೇಲ್‌ನಿಂದ ಒಳ್ಳೆಯದಾಗುವುದಿಲ್ಲ. ಇದು ಹಾಗಲ್ಲ. ಇಲ್ಲಿ ಪ್ರಶ್ನೆಗೆ ಉತ್ತರ ಬಾಕಿ ಉಳಿದಿತ್ತು, ಆ ಉತ್ತರ ಈಗ ಅವಳ ಕೈಯಲ್ಲಿದೆ, ಮತ್ತು ಆ ಕೆಲಸದಲ್ಲಿ ಅವಳು ದಿನಾ ಮಾಡಬೇಕಾದ ಲೆಕ್ಕವೇ ಅದು. ಈ ಮೂರೂ ಸೇರಿದ್ದಕ್ಕೇ ಆ ಕ್ಷಣವನ್ನು ಆರಿಸಿದ್ದು. ತಪ್ಪೇ ಆಗಿರಬೇಕು ಅಂತೇನೂ ಇಲ್ಲ. ಗೋದಾಮು ತೋರಿಸುವಾಗ ಅವರು ಹೇಳಿದ ಒಂದು ಮಾತು ಮನೆಗೆ ಬಂದ ಮೇಲೂ ಕಾಡುತ್ತಿದ್ದರೆ ಅದೂ ಆಗುತ್ತದೆ. ಅಂಥದ್ದು ಏನೂ ನಡೆದಿಲ್ಲವಾದರೆ ಎರಡು ಸಾಲಿನ ಥ್ಯಾಂಕ್ಸ್ ಬರೆದು ಬಿಡುವುದೇ ಸರಿ. ಇಲ್ಲದ ಕ್ಷಣವನ್ನು ಕಟ್ಟಿ ಬರೆದರೆ ಎದುರಿಗೆ ಕೂತಿದ್ದವರಿಗೆ ಕೂಡಲೇ ತಿಳಿಯುತ್ತದೆ.

ಅಷ್ಟೊತ್ತಿಗೆ ರಾತ್ರಿ ಎಂಟೂವರೆ. ಮೂರನೇ ಸಲ ಬರೆದದ್ದು ಹೀಗಿತ್ತು:

"ಸರ್, ಮೇಡಂ, ನಮಸ್ಕಾರ.

ನಿನ್ನೆ 12 ಗಂಟೆಗೆ ಸ್ಟಾಕ್ ಅಸಿಸ್ಟೆಂಟ್ ಕೆಲಸದ ಸಂದರ್ಶನಕ್ಕೆ ಬಂದಿದ್ದೆ. ಶೇ 18 ತೇವಾಂಶದ 100 ಕ್ವಿಂಟಲ್ ಮೆಕ್ಕೆಜೋಳ 14ಕ್ಕೆ ಒಣಗಿದರೆ ಎಷ್ಟು ಉಳಿಯಬೇಕು ಎಂದು ಸರ್ ಕೇಳಿದ್ದರು. ನಾನು 96 ಎಂದೆ. 'ಹಾಗಾದ್ರೆ 65 ಕೆಜಿ ಯಾರು ತಿಂದ್ರು?' ಎಂದರು. ಆಗ ನನಗೆ ಉತ್ತರ ಗೊತ್ತಿರಲಿಲ್ಲ.

ಮನೆಗೆ ಬಂದು ಲೆಕ್ಕ ಹಾಕಿದೆ. ನೀರು ಬಿಟ್ಟು ಕಾಳು 82 ಕ್ವಿಂಟಲ್. ಒಣಗಿದ ಮೇಲೆ ಅದು ಹೊಸ ತೂಕದ ಶೇ 86 ಆಗುತ್ತದೆ. 82 ÷ 0.86 = 95.35 ಕ್ವಿಂಟಲ್. ನಾನು ಮೊದಲಿನ ತೂಕದ ಮೇಲೆಯೇ ಶೇಕಡಾ ಹಾಕಿದ್ದೆ, ಅಲ್ಲಿ ತಪ್ಪಿದೆ. ದೂಳು, ನುಚ್ಚು ಇದರಲ್ಲಿ ಸೇರಿಲ್ಲ.

ಆ ಪ್ರಶ್ನೆ ಕೇಳಿದ್ದಕ್ಕೆ ಥ್ಯಾಂಕ್ಸ್ ಸರ್. ಈ ಕೆಲಸ ಮಾಡಲು ನನಗೆ ಮನಸ್ಸಿದೆ. ಮಂಗಳವಾರ ತಿಳಿಸುತ್ತೇವೆ ಎಂದಿದ್ದೀರಿ, ಕಾಯುತ್ತಿರುತ್ತೇನೆ."

ಕೆಳಗೆ ಹೆಸರು, ಮೊಬೈಲ್ ನಂಬರ್. ಅಷ್ಟೇ. ಫೋನಿನ ಪರದೆಯಲ್ಲಿ ಹೆಚ್ಚು ಕೆಳಗೆ ಎಳೆಯದೆ ಓದಿ ಮುಗಿಸಬಹುದು. ಥ್ಯಾಂಕ್ಸ್ ಈಗಲೂ ಇದೆ, ಆದರೆ ಯಾವುದಕ್ಕೆ ಥ್ಯಾಂಕ್ಸ್ ಎನ್ನುವುದು ಸ್ಪಷ್ಟವಾಗಿದೆ. "ಪ್ರತಿಷ್ಠಿತ ಸಂಸ್ಥೆ" ಹೋಗಿದೆ. "ಸಕಾರಾತ್ಮಕ ಪ್ರತಿಕ್ರಿಯೆ" ಇದ್ದ ಜಾಗದಲ್ಲಿ ಅವರೇ ಹೇಳಿದ ದಿನ ಬಂದು ಕೂತಿದೆ.

"ನಿನ್ನೆ" ಎಂದು ಬರೆದದ್ದು ಯಾಕೆಂದರೆ ಕಳಿಸುವುದು ಬೆಳಗ್ಗೆ ಎಂದು ತೀರ್ಮಾನ ಮಾಡಿದ್ದೆವು. ಶನಿವಾರ ಅವರ ಆಫೀಸು ಇರುತ್ತದೆ. ರಾತ್ರಿ ಬಂದ ಮೇಲ್ ಬೆಳಗಿನ ಗುಂಪಿನ ಅಡಿಗೆ ಸೇರುತ್ತದೆ. ಸೋಮವಾರದವರೆಗೆ ಕಾದರೆ ಅವರು ಅಷ್ಟರಲ್ಲಿ ಕೂತು ಮಾತಾಡಿ ಮುಗಿಸಿರಬಹುದು. ಹೊಸ ಮೇಲ್ ತೆರೆಯಬೇಡ, ಸಂದರ್ಶನಕ್ಕೆ ಕರೆದಿದ್ದ ಮೇಲ್‌ಗೇ ಎಲ್ಲರಿಗೂ ಹೋಗುವ ಹಾಗೆ ಉತ್ತರ ಕೊಡು ಎಂದೂ ಹೇಳಿದೆ. ಆಗ ಅವಳ ಅರ್ಜಿ, ಅವರ ಕರೆ, ಈ ಮಾತು ಎಲ್ಲ ಒಂದೇ ಕಡೆ ಸಿಗುತ್ತವೆ. ವಿಷಯದ ಸಾಲನ್ನು ಮುಟ್ಟುವ ಕೆಲಸವೂ ಇರುವುದಿಲ್ಲ.

ಒಂದು ಎಡವಟ್ಟು ಸ್ವಲ್ಪದರಲ್ಲೇ ತಪ್ಪಿತು. ಮನೆಗೆ ಹೋಗಿ ಅತ್ತೆ ಮಗನ ಕಂಪ್ಯೂಟರಿನಲ್ಲಿ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿ, ಪರೀಕ್ಷೆಗೆ ನನಗೊಂದು ಕಳಿಸಿದಳು. ನನ್ನ ಫೋನಿನಲ್ಲಿ "ನನಗೆ" ಎನ್ನುವ ಕಡೆಯೆಲ್ಲ `£À£ÀUÉ` ಎಂದು ಬಂದಿತ್ತು. ನುಡಿಯ ಹಳೆಯ ಅಕ್ಷರಶೈಲಿಯಲ್ಲಿ ಟೈಪ್ ಮಾಡಿದ್ದು ಆ ಫಾಂಟ್ ಇರುವ ಕಂಪ್ಯೂಟರಿನಲ್ಲಿ ಮಾತ್ರ ಕನ್ನಡವಾಗಿ ಕಾಣುತ್ತದೆ, ಬೇರೆ ಕಡೆ ಹೀಗೆ ಚೆಲ್ಲಾಪಿಲ್ಲಿ. ಯೂನಿಕೋಡ್‌ನಲ್ಲಿ ಟೈಪ್ ಮಾಡಿದರೆ ಎಲ್ಲ ಕಡೆಯೂ ಸರಿ ಬರುತ್ತದೆ. ಫೋನಿನ ಕನ್ನಡ ಕೀಬೋರ್ಡೂ ಯೂನಿಕೋಡೇ. ಕನ್ನಡ ಟೈಪಿಂಗ್ ಬರುತ್ತೆ ಎಂದು ಹೇಳಿ ಬಂದವಳ ಮೇಲ್ ಹಾಗೆ ಹೋಗಿದ್ದರೆ ಎಂದು ನೆನೆಸಿಕೊಂಡರೆ ಈಗಲೂ ಎದೆ ಝಲ್ ಎನ್ನುತ್ತದೆ. ಫೋನಿನಲ್ಲಿ ಮತ್ತೆ ಟೈಪ್ ಮಾಡಿದಳು. ಶನಿವಾರ ಬೆಳಗ್ಗೆ ಹತ್ತು ಗಂಟೆಗೆ ಹೋಯಿತು.

ಮಧ್ಯಾಹ್ನದ ಹೊತ್ತಿಗೆ ಉತ್ತರ ಬಂತು. "ಲೆಕ್ಕ ಸರಿ ಇದೆ. ಮಂಗಳವಾರ ಫೋನ್ ಮಾಡುತ್ತೇವೆ." ಇಷ್ಟೇ.

ಮಂಗಳವಾರ ಫೋನ್ ಬಂತು. ಆ ಕೆಲಸ ಅವಳಿಗೆ ಸಿಗಲಿಲ್ಲ. ಜಿಎಸ್‌ಟಿ ಕೆಲಸ ಕೈಯಿಂದ ಮಾಡಿದ್ದ, ಮೂರು ವರ್ಷ ಅನುಭವವಿದ್ದ ಇನ್ನೊಬ್ಬರಿಗೆ ಕೊಟ್ಟಿದ್ದರು. ಇದನ್ನು ನಾನು ಮುಚ್ಚಿಡುವುದಿಲ್ಲ. ಇಲ್ಲದ ಅನುಭವವನ್ನು ಯಾವ ಮೇಲೂ ತಂದುಕೊಡುವುದಿಲ್ಲ, ಸಮಬಲದವರು ಇಬ್ಬರಿದ್ದಾಗ ಒಬ್ಬರನ್ನು ನೆನಪಿನಲ್ಲಿ ಇಡಿಸುತ್ತದೆ ಅಷ್ಟೇ. ಆದರೆ ಅದೇ ಫೋನಿನಲ್ಲಿ ಮ್ಯಾನೇಜರ್ ಒಂದು ಮಾತು ಕೇಳಿದರಂತೆ. "ಆ ಲೆಕ್ಕ ಯಾರು ಹೇಳಿಕೊಟ್ರು?" ಇವಳು ಹೇಳಿದಳು: "ಲೆಕ್ಕ ನಾನೇ ಮಾಡಿದ್ದು ಸರ್. ಮೇಲ್ ಬರೆಯೋವಾಗ ನಮ್ಮ ಬೀದಿ ಅಕ್ಕ ಜೊತೆಗೆ ಕೂತಿದ್ರು." "ಹಾಗಾದ್ರೆ 20ರ ಮಾಲು 50 ಕ್ವಿಂಟಲ್ ಬಂದ್ರೆ?" ಎಂದು ಅಲ್ಲೇ ಕೇಳಿದರು. 40ನ್ನು 0.86ರಿಂದ ಭಾಗಿಸಬೇಕು ಸರ್, 46 ಅರೆ ಹತ್ರ ಬರುತ್ತೆ ಅಂದಳು. ಸರಿಯಾಗಿ 46.51.

ಲೆಕ್ಕವನ್ನು ನಾನು ಬಿಡಿಸಿಕೊಡಲಿಲ್ಲ, ನನ್ನ ಮಾತನ್ನು ಅವಳ ಪತ್ರದಲ್ಲಿ ತುರುಕಲಿಲ್ಲ ಎಂದು ಆ ದಿನ ನನಗೆ ಸಮಾಧಾನವಾಯಿತು.

ಅಕ್ಟೋಬರ್ ಕೊನೆಗೆ ಹೊಸ ಮೆಕ್ಕೆಜೋಳ ಯಾರ್ಡಿಗೆ ಬರಲು ಶುರುವಾದಾಗ ಅವರೇ ಮತ್ತೆ ಕರೆದರು, ಸೀಸನ್ ಮುಗಿಯುವವರೆಗಿನ ಕೆಲಸಕ್ಕೆ. ಬರುವ ಪ್ರತಿ ಲೋಡಿನ ತೇವಾಂಶ, ತೂಕ ಬರೆದಿಡುವ ರಿಜಿಸ್ಟರ್ ಈಗ ಅವಳ ಕೈಯಲ್ಲಿದೆ. ಒಣಗಿದ ಮೇಲೆ ಎಷ್ಟು ಇರಬೇಕು ಎಂದು ಬರೆಯುವುದಕ್ಕೆ ಅದರಲ್ಲಿ ಜಾಗ ಇರಲಿಲ್ಲವಂತೆ. ಸ್ಕೇಲ್ ಇಟ್ಟು ಪೆನ್ಸಿಲ್‌ನಲ್ಲಿ ಒಂದು ಗೆರೆ ಎಳೆದುಕೊಂಡಿದ್ದಾಳೆ.